ರಷ್ಯನ್ನರ ಪಾಸ್ಖಾ ಕರೆ ಮತ್ತು ಮಾರುತ್ತರ: ಯಾವಾಗ, ಯಾರಿಗೆ, ಹೇಗೆ ಹೇಳಬೇಕು?

ರಷ್ಯಾದಲ್ಲಿ ಈಸ್ಟರ್ ಹಬ್ಬಕ್ಕೆ ‘ಪಾಸ್ಖಾ’ ಎನ್ನುತ್ತಾರೆ. ಆ ದಿನ ಒಬ್ಬರು ನಿಮ್ಮೆದುರು ನಿಂತು ‘ಹ್ರಿಸ್ತೋಸ್ ವೋಸ್ಕ್ರೇಸೆ!’ ಎಂದರೆ, ಅದು ಹಬ್ಬದ ಶುಭಾಶಯವಷ್ಟೇ ಅಲ್ಲ. ಅದೊಂದು ಕರೆ. ಅದಕ್ಕೆ ಗೊತ್ತಾದ ಒಂದು ಉತ್ತರವಿದೆ: ‘ವೋಈಸ್ತಿನು ವೋಸ್ಕ್ರೇಸೆ!’ ಮೊದಲನೆಯದು ‘ಕ್ರಿಸ್ತ ಎದ್ದಿದ್ದಾನೆ’ ಎಂಬ ಸುದ್ದಿ, ಎರಡನೆಯದು ‘ನಿಜವಾಗಿ ಎದ್ದಿದ್ದಾನೆ’ ಎಂಬ ಸಾಕ್ಷಿ. ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಎಮ್ಮಾಹುವಿನಿಂದ ಮರಳಿ ಬಂದ ಇಬ್ಬರಿಗೆ ಉಳಿದ ಶಿಷ್ಯರು ಹೇಳುವ ಮಾತೂ ಇದೇ: ಪ್ರಭು ನಿಜವಾಗಿಯೂ ಎದ್ದಿದ್ದಾನೆ. ಕರೆದವರು ಉತ್ತರಕ್ಕಾಗಿ ಕಾಯುತ್ತಾರೆ. ಸುಮ್ಮನೆ ನಕ್ಕು ‘ಥ್ಯಾಂಕ್ಸ್’ ಅಂದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಕುರ್ಸ್ಕ್, ಕಜ಼ಾನ್‌ನಂಥ ಊರುಗಳಲ್ಲಿ ವೈದ್ಯಕೀಯ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ, ರಷ್ಯನ್ ಸಹೋದ್ಯೋಗಿಗಳ ಜೊತೆ ಕೆಲಸ ಮಾಡುವವರಿಗೆ ಈ ಕರೆ ವರ್ಷಕ್ಕೊಮ್ಮೆ ಎದುರಾಗಿಯೇ ಆಗುತ್ತದೆ. ಬಾಯಿಪಾಠ ಮಾಡಬೇಕಾದದ್ದು ನಾಲ್ಕೈದು ಪದ, ಅಷ್ಟೇ. ಆದರೆ ಯಾವಾಗ ಶುರು, ಯಾರು ಮೊದಲು, ಎಲ್ಲಿ ಸುಮ್ಮನಿರಬೇಕು ಎಂಬುದು ತಿಳಿದಿದ್ದರೇನೇ ಆ ಪದಗಳು ಉಪಯೋಗಕ್ಕೆ ಬರುವುದು.

ಮೊದಲು ತಾರೀಖು ನೋಡಿಕೊಳ್ಳಿ

ರಷ್ಯನ್ ಆರ್ಥೊಡಾಕ್ಸ್ ಚರ್ಚು ಹಬ್ಬದ ದಿನವನ್ನು ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕದಿಂದ ಗೊತ್ತುಮಾಡುತ್ತದೆ. ಹಾಗಾಗಿ ಮಂಗಳೂರು, ಬೆಂಗಳೂರಿನ ಕ್ಯಾಥೊಲಿಕ್ ಚರ್ಚುಗಳ ಈಸ್ಟರ್‌ಗೂ ಅದಕ್ಕೂ ಸಾಮಾನ್ಯವಾಗಿ ಅಂತರ ಬೀಳುತ್ತದೆ. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೇ ಬಂದಿದ್ದವು. 2026ರಲ್ಲಿ ಪಶ್ಚಿಮದ ಈಸ್ಟರ್ ಏಪ್ರಿಲ್ 5, ರಷ್ಯನ್ನರ ಪಾಸ್ಖಾ ಏಪ್ರಿಲ್ 12. 2027ರಲ್ಲಂತೂ ಮಾರ್ಚ್ 28 ಮತ್ತು ಮೇ 2, ಒಂದು ತಿಂಗಳಿಗೂ ಮೀರಿದ ವ್ಯತ್ಯಾಸ. ಫೋನಿನ ಕ್ಯಾಲೆಂಡರ್ ‘ಈಸ್ಟರ್’ ಎಂದು ತೋರಿಸಿತೆಂದು ರಷ್ಯನ್ ಗೆಳೆಯರಿಗೆ ಆವತ್ತೇ ಸಂದೇಶ ಕಳಿಸಿದರೆ, ಅವರಿನ್ನೂ ಉಪವಾಸದ ಕಾಲದಲ್ಲಿರುತ್ತಾರೆ.

ಇದು ಬರೀ ತಾರೀಖಿನ ತಪ್ಪಾಗಿ ಉಳಿಯುವುದಿಲ್ಲ. ಪಾಸ್ಖಾಕ್ಕೆ ಮುಂಚಿನ ವಾರ ಕ್ರಿಸ್ತನ ಯಾತನೆ ಮತ್ತು ಮರಣವನ್ನು ನೆನೆಯುವ ವಾರ. ಶುಕ್ರವಾರ ಯಾರಿಗೂ ಹಬ್ಬದ ಶುಭಾಶಯ ಹೇಳುವುದಿಲ್ಲ. ಗುರುವಾರ ಮೊಟ್ಟೆಗೆ ಬಣ್ಣ ಹಾಕುತ್ತಾರೆ, ಕುಲಿಚ್ ಎಂಬ ಎತ್ತರದ ಸಿಹಿ ಬ್ರೆಡ್ಡು ಬೇಯಿಸುತ್ತಾರೆ. ಶನಿವಾರ ಹಗಲು ಅವನ್ನೆಲ್ಲ ಬುಟ್ಟಿಯಲ್ಲಿಟ್ಟು ಚರ್ಚಿಗೆ ಒಯ್ದು ತೀರ್ಥ ಪ್ರೋಕ್ಷಣೆ ಮಾಡಿಸುತ್ತಾರೆ. ಮನೆತುಂಬ ಹಬ್ಬದ ವಾಸನೆ ಇದ್ದರೂ ಕರೆ ಮಾತ್ರ ಇನ್ನೂ ಹೊರಬಿದ್ದಿರುವುದಿಲ್ಲ. ಶನಿವಾರ ರಾತ್ರಿಯ ತನಕ ತಡೆದುಕೊಳ್ಳಿ.

ಉಚ್ಚಾರ

ಈ ಕರೆಗೆ ಎರಡು ರೂಪಗಳಿವೆ. ಚರ್ಚಿನ ಹಳೆಯ ಸ್ಲಾವೊನಿಕ್ ಭಾಷೆಯಲ್ಲಿ ‘ವೋಸ್ಕ್ರೇಸೆ’, ಇವತ್ತಿನ ರಷ್ಯನ್ನಿನಲ್ಲಿ ‘ವಸ್ಕ್ರೇಸ್’. ಎರಡೂ ಸರಿ. ಬರೆಯುವಾಗ ಹೀಗೆ:

```
Христос воскресе! — Воистину воскресе!
Христос воскрес!  — Воистину воскрес!
```

ಹೊಸದಾಗಿ ಕಲಿಯುವವರು ಮೊದಲ ಸಾಲನ್ನೇ ಕಲಿಯಿರಿ ಎಂಬುದು ನನ್ನ ಸಲಹೆ. ಚರ್ಚಿನೊಳಗೆ ಅದೇ ಕೇಳಿಬರುತ್ತದೆ, ಬೀದಿಯಲ್ಲಿ ಹೇಳಿದರೂ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಉತ್ತರ ಕೊಡುವಾಗ ಮಾತ್ರ ಎದುರಿನವರು ಯಾವ ರೂಪದಲ್ಲಿ ಕರೆದರೋ ಅದೇ ರೂಪದಲ್ಲಿ ಹೇಳಿ. ‘ವಸ್ಕ್ರೇಸ್’ ಎಂದವರಿಗೆ ‘ವೋಸ್ಕ್ರೇಸೆ’ ಎಂದು ಉತ್ತರಿಸಿದರೆ ತಪ್ಪೇನಿಲ್ಲ, ಆದರೆ ಕರೆಗೂ ಉತ್ತರಕ್ಕೂ ತಾಳ ಕೂಡುವುದಿಲ್ಲ.

ಕನ್ನಡದ ನಾಲಿಗೆಗೆ ಇದರಲ್ಲಿ ತೊಡಕಾಗುವ ಅಕ್ಷರ ಮೊದಲನೆಯದೇ. ‘ಕ್ರಿಸ್ತ’ ನಮಗೆ ರೂಢಿಯಾಗಿರುವುದರಿಂದ ‘ಕ್ರಿಸ್ತೋಸ್’ ಎಂದೇ ಬಾಯಿಗೆ ಬರುತ್ತದೆ. ಅಲ್ಲಿರುವುದು ‘ಕ’ ಅಲ್ಲ, ಪೂರ್ತಿ ‘ಹ’ವೂ ಅಲ್ಲ. ಉರ್ದು ಬಲ್ಲವರು ‘ಖುದಾ’ ಎನ್ನುವಾಗ ಗಂಟಲ ಬಳಿ ಉಸಿರು ಉಜ್ಜಿಕೊಂಡು ಹೊರಡುತ್ತದಲ್ಲ, ಆ ಧ್ವನಿ. ಅದು ಬಾರದಿದ್ದರೆ ‘ಹ್ರಿ’ ಎಂದು ಶುರು ಮಾಡಿ, ‘ಕ್ರಿ’ಗಿಂತ ಅದೇ ಹತ್ತಿರ.

ಎರಡನೆಯದು ಒತ್ತು. ಹ್ರಿಸ್‌ತೋಸ್ ಎಂದು ಕೊನೆಯ ಭಾಗವನ್ನು ಒತ್ತಬೇಕು. ವೋಸ್‌ಕ್ರೇಸೆಯಲ್ಲಿ ನಡುವಿನದನ್ನು. ಉತ್ತರದಲ್ಲಿ ‘ವೋ’ ಮತ್ತು ‘ಈ’ ಬೇರೆ ಬೇರೆಯಾಗಿ ಕೇಳಿಸಬೇಕು: ವೋ-ಈಸ್-ತಿ-ನು. ಎರಡನ್ನೂ ಕೂಡಿಸಿ ‘ವೋಯ್ಸ್ತಿನು’ ಮಾಡಿದರೆ ಒತ್ತು ಬೀಳುವ ಸ್ವರವೇ ನುಂಗಿಹೋಗುತ್ತದೆ. ಆಡುಮಾತಿನ ರಷ್ಯನ್ನಿನಲ್ಲಿ ಒತ್ತು ಬೀಳದ ‘ಓ’ ಹೆಚ್ಚುಕಡಿಮೆ ‘ಅ’ ಆಗುವುದರಿಂದ ‘ವಸ್ಕ್ರೇಸೆ’, ‘ವಈಸ್ತಿನು’ ಎಂದೂ ಕೇಳಿಸುತ್ತದೆ. ಚರ್ಚಿನ ಓದಿನಲ್ಲಿ ‘ಓ’ ಓ ಆಗಿಯೇ ಉಳಿಯುತ್ತದೆ. ‘ತಿ’, ‘ಸ್ತ’ಗಳೆಲ್ಲ ನಮ್ಮ ಹಲ್ಲಿನ ‘ತ’ಕಾರವೇ, ಅಲ್ಲಿ ಕನ್ನಡಿಗರಿಗೆ ಕಷ್ಟವಿಲ್ಲ.

ಕಿವಿಗೆ ಅಭ್ಯಾಸ ಮಾಡಿಸಲು ಹಬ್ಬದ ರಾತ್ರಿಯ ಹಾಡಿಗಿಂತ ಒಳ್ಳೆಯ ಪಾಠವಿಲ್ಲ. ‘ಹ್ರಿಸ್ತೋಸ್ ವೋಸ್ಕ್ರೇಸೆ ಇಜ಼್ ಮೇರ್ತ್ವಿಹ್’, ಅಂದರೆ ಸತ್ತವರೊಳಗಿಂದ ಎದ್ದಿದ್ದಾನೆ ಎಂದು ಶುರುವಾಗುವ ಆ ಚಿಕ್ಕ ಸ್ತೋತ್ರವನ್ನು ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ಹಾಡುತ್ತಾರೆ. ಕರೆಯ ಮಾತುಗಳೂ ಅವೇ.

ಚರ್ಚಿನಲ್ಲಿ ಆ ರಾತ್ರಿ

ಮನೆಯೊಡತಿಯೋ ಸಹಪಾಠಿಯೋ ‘ಬಾ’ ಎಂದು ಕರೆದರೆ ಶನಿವಾರ ರಾತ್ರಿ ಹನ್ನೊಂದು ಗಂಟೆಗೆಲ್ಲ ಅಲ್ಲಿರಿ, ಆಮೇಲೆ ಒಳಗೆ ಕಾಲಿಡಲೂ ಜಾಗವಿರುವುದಿಲ್ಲ. ಹೆಂಗಸರು ತಲೆಗೆ ವಸ್ತ್ರ ಹಾಕಿಕೊಳ್ಳುತ್ತಾರೆ, ಗಂಡಸರು ಟೋಪಿ ತೆಗೆಯುತ್ತಾರೆ. ಬಾಗಿಲ ಬಳಿ ಮೇಣದ ಬತ್ತಿ ಸಿಗುತ್ತದೆ. ಏಪ್ರಿಲ್ ರಾತ್ರಿಯ ಚಳಿಗೆ ದಪ್ಪ ಕೋಟು ಇರಲಿ, ಏಕೆಂದರೆ ಸ್ವಲ್ಪ ಹೊತ್ತು ಹೊರಗೆ ನಡೆಯುವುದಿದೆ.

ಮಧ್ಯರಾತ್ರಿಯ ಹೊತ್ತಿಗೆ ಮುಚ್ಚಿದ ಬಲಿಪೀಠದ ಬಾಗಿಲ ಹಿಂದಿನಿಂದ ಪಾದ್ರಿಗಳ ಹಾಡು ಮೆಲ್ಲಗೆ ಕೇಳತೊಡಗುತ್ತದೆ. ಅದು ಏರುತ್ತ ಹೋಗಿ, ಬಾಗಿಲು ತೆರೆದು, ಎಲ್ಲರೂ ಚರ್ಚಿನ ಹೊರಗೆ ಬಂದು ಕಟ್ಟಡವನ್ನು ಒಂದು ಸುತ್ತು ಹಾಕುತ್ತಾರೆ. ಮೆರವಣಿಗೆ ಮುಂಬಾಗಿಲಿಗೆ ಮರಳಿದಾಗ ಬಾಗಿಲು ಮುಚ್ಚಿರುತ್ತದೆ, ಕ್ರಿಸ್ತನ ದೇಹವನ್ನಿಟ್ಟು ಮುಚ್ಚಿದ ಗವಿಯ ನೆನಪಿಗೆ. ಆ ಬಾಗಿಲ ಮುಂದೆ ನಿಂತೇ ಪಾದ್ರಿ ಮೊದಲ ಬಾರಿಗೆ ‘ಹ್ರಿಸ್ತೋಸ್ ವೋಸ್ಕ್ರೇಸೆ’ ಹಾಡುವುದು. ಅದಕ್ಕೆ ಮುಂಚೆ ಯಾರೂ ಈ ಮಾತು ಆಡುವುದಿಲ್ಲ. ಮೆರವಣಿಗೆಯಲ್ಲಿ ಪಕ್ಕದವರಿಗೆ ಖುಷಿಯಿಂದ ಹೇಳಿಬಿಡಬೇಡಿ.

ಬಾಗಿಲು ತೆರೆದು ಒಳಗೆ ಬಂದಮೇಲೆ ಮುಂದಿನದು ಸಲೀಸು. ಪಾದ್ರಿ ಧೂಪ ಹಾಕುತ್ತ ಜನರ ನಡುವೆ ಬಂದು ಕೂಗುತ್ತಾರೆ, ಇಡೀ ಸಭೆ ಒಂದೇ ಧ್ವನಿಯಲ್ಲಿ ಉತ್ತರ ಕೊಡುತ್ತದೆ. ಇದು ಪಿಸುಮಾತಿನಲ್ಲಿ ಹೇಳುವ ಮಾತಲ್ಲ. ರಷ್ಯನ್ನರು ಚರ್ಚಿನಲ್ಲಿ ಬಾಯಿಬಿಟ್ಟು ಕೂಗುವುದನ್ನು ನೋಡಬೇಕಾದರೆ ಈ ರಾತ್ರಿಯೇ ನೋಡಬೇಕು. ಅನೇಕ ಕಡೆ ಪಾದ್ರಿ ನಡುವೆ ಬೇರೆ ಭಾಷೆಗಳಲ್ಲೂ ಕರೆಯುತ್ತಾರೆ. ಹೆಚ್ಚಾಗಿ ಕೇಳುವುದು ಗ್ರೀಕ್: ‘ಹ್ರಿಸ್ತೋಸ್ ಅನೇಸ್ತಿ!’ ಅದಕ್ಕೆ ಗ್ರೀಕರ ಉತ್ತರ ‘ಅಲಿಥೋಸ್ ಅನೇಸ್ತಿ!’ ರಷ್ಯನ್ ಬಾಯಲ್ಲಿ ಆ ‘ಥ’ ಬಾರದೆ ‘ಅಲಿಫೋಸ್’ ಆಗುತ್ತದೆ. ಗೊತ್ತಿದ್ದರೆ ಗ್ರೀಕಿನಲ್ಲಿ ಹೇಳಿ, ಇಲ್ಲವಾದರೆ ‘ವೋಈಸ್ತಿನು ವೋಸ್ಕ್ರೇಸೆ’ ಎಂದೇ ಕೂಗಿ, ಸುತ್ತಲಿನ ಅರ್ಧ ಜನ ಅದನ್ನೇ ಮಾಡುತ್ತಿರುತ್ತಾರೆ.

ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ‘ಒಬ್ಬರನ್ನೊಬ್ಬರು ಅಪ್ಪಿಕೊಳ್ಳೋಣ’ ಎಂಬ ಸಾಲು ಹಾಡಿನಲ್ಲಿ ಬರುತ್ತದೆ. ಜನ ಒಬ್ಬರಿಗೊಬ್ಬರು ಕರೆ ಹೇಳಿ ಮೂರು ಸಲ ಕೆನ್ನೆಗೆ ಮುತ್ತಿಡುವ ಕ್ರಮಕ್ಕೆ ‘ಹ್ರಿಸ್ತೋಸವಾನಿಯೆ’ ಎಂದು ಹೆಸರು. ಒಂದು ಕೆನ್ನೆ, ಇನ್ನೊಂದು ಕೆನ್ನೆ, ಮತ್ತೆ ಮೊದಲನೆಯದು. ನಮ್ಮವರಿಗೆ ಇದು ಇರುಸುಮುರುಸು ಅನ್ನಿಸಬಹುದು. ನೀವಾಗಿ ಮುಂದೆ ಹೋಗುವ ಅಗತ್ಯವಿಲ್ಲ, ಹಿರಿಯರು ತಾವಾಗಿ ಬಾಗಿದರೆ ಕೆನ್ನೆ ಕೊಡಿ. ಕೈ ಚಾಚಿದರೆ ಕೈ ಕುಲುಕಿ. ಮುತ್ತು ಇಲ್ಲದಿದ್ದರೆ ಕೊರತೆಯೇನಿಲ್ಲ, ಉತ್ತರ ಮಾತ್ರ ಬಿಡಬೇಡಿ.

ಮನೆಯಲ್ಲಿ: ಒಂದು ಉದಾಹರಣೆ

ನೀವು ಬಾಡಿಗೆಗಿರುವ ಮನೆಯ ಒಡತಿ ಅರವತ್ತು ದಾಟಿದ ಹೆಂಗಸು ಎಂದಿಟ್ಟುಕೊಳ್ಳೋಣ. ಹೆಸರು ಮಾರಿಯಾ, ತಂದೆಯ ಹೆಸರು ಇವಾನ್. ಹಾಗಿದ್ದರೆ ನೀವು ಆಕೆಯನ್ನು ಕರೆಯಬೇಕಾದದ್ದು ‘ಮಾರಿಯಾ ಇವಾನೊವ್ನಾ’ ಎಂದು. ಬರೀ ‘ಮಾರಿಯಾ’ ಎಂದರೆ ನಮ್ಮಲ್ಲಿ ಹಿರಿಯರನ್ನು ಅಮ್ಮ, ಆಂಟಿ ಎನ್ನದೆ ಹೆಸರಿಟ್ಟು ಕರೆದಂತೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಹೋಗುತ್ತೀರಿ. ಮೇಜಿನ ಮೇಲೆ ಕುಲಿಚ್ ಇದೆ, ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಕಂದುಗೆಂಪಾದ ಮೊಟ್ಟೆಗಳಿವೆ, ಪನೀರಿನಂಥ ತ್ವರೋಗ್‌ನಿಂದ ಮಾಡಿದ ಗೋಪುರದಾಕಾರದ ಸಿಹಿ ಇದೆ. ಆ ಸಿಹಿಯ ಹೆಸರೂ ಪಾಸ್ಖಾ. ಅದರ ಪಕ್ಕೆಯ ಮೇಲೆ ಅಚ್ಚಿನಿಂದ ಮೂಡಿದ ಎರಡು ಅಕ್ಷರ ಕಾಣುತ್ತವೆ:

```
ХВ
```

ಅದನ್ನು ‘ಎಕ್ಸ್ ಬಿ’ ಎಂದು ಓದಬೇಡಿ. ಅವು ರಷ್ಯನ್ ಲಿಪಿಯ ‘ಹ’ ಮತ್ತು ‘ವ’, ಕರೆಯ ಎರಡು ಪದಗಳ ಮೊದಲಕ್ಷರಗಳು. ಮೊಟ್ಟೆಯ ಮೇಲೆ, ಕುಲಿಚ್ಚಿನ ಸಕ್ಕರೆ ಲೇಪದ ಮೇಲೆ, ಚರ್ಚಿನ ಮುಂಬಾಗಿಲ ಮೇಲೆ ಎಲ್ಲ ಕಡೆ ಇವೇ ಇರುತ್ತವೆ.

ಇಬ್ಬರಲ್ಲಿ ಮೊದಲು ಯಾರು ಹೇಳಬೇಕು? ಸಾಮಾನ್ಯವಾಗಿ ಕಿರಿಯರು ಕರೆಯುತ್ತಾರೆ, ಹಿರಿಯರು ಉತ್ತರಿಸುತ್ತಾರೆ. ಹಿರಿಯರಿಗೆ ಮೊದಲು ನಮಸ್ಕಾರ ಹೇಳಿ ಬೆಳೆದ ನಮಗೆ ಇದು ಹೊಸದಲ್ಲ. ಹಾಗಾಗಿ ನೀವು: ‘ಹ್ರಿಸ್ತೋಸ್ ವೋಸ್ಕ್ರೇಸೆ, ಮಾರಿಯಾ ಇವಾನೊವ್ನಾ!’ ಆಕೆ: ‘ವೋಈಸ್ತಿನು ವೋಸ್ಕ್ರೇಸೆ!’ ಜೊತೆಗೇ ಒಂದು ಮೊಟ್ಟೆ ನಿಮ್ಮ ಕೈಗೆ ಬರುತ್ತದೆ. ಮೇರಿ ಮಗ್ದಲೀನಳು ರೋಮಿನ ಚಕ್ರವರ್ತಿ ತಿಬೇರಿಯಸ್‌ಗೆ ಮೊಟ್ಟೆಯೊಂದನ್ನು ಕೊಟ್ಟು ಇದೇ ಮಾತು ಹೇಳಿದಳು, ಅವನು ನಂಬದಿದ್ದಾಗ ಮೊಟ್ಟೆ ಕೆಂಪಾಯಿತು ಎಂದು ಅಲ್ಲಿಯ ಐತಿಹ್ಯ. ಮೊಟ್ಟೆ ಕೊಡುವುದೂ ಕರೆ ಹೇಳುವುದೂ ಒಟ್ಟಿಗೇ ಸಾಗುವುದು ಅದಕ್ಕೇ. ಮೊಟ್ಟೆ ತಿನ್ನದವರಾದರೂ ಕೈಯಲ್ಲಿ ತೆಗೆದುಕೊಳ್ಳಿ, ತಿನ್ನಲೇಬೇಕೆಂದೇನಿಲ್ಲ. ಕುಲಿಚ್ಚಿನ ಹಿಟ್ಟಿಗೂ ಮೊಟ್ಟೆ ಧಾರಾಳವಾಗಿ ಹಾಕಿರುತ್ತಾರೆ ಎಂಬುದು ಶುದ್ಧ ಸಸ್ಯಾಹಾರಿಗಳಿಗೆ ತಿಳಿದಿರಲಿ.

ಆಮೇಲೆ ಮೊಟ್ಟೆ ಕುಟ್ಟುವ ಆಟ. ನಿಮ್ಮ ಮೊಟ್ಟೆಯ ಚೂಪು ತುದಿಯಿಂದ ಅವರದ್ದನ್ನು ತಟ್ಟುತ್ತೀರಿ, ಒಡೆಯದೆ ಉಳಿದದ್ದು ಗೆದ್ದಂತೆ. ತಟ್ಟುವ ಮುಂಚೆ ಒಬ್ಬರು ಕರೆ, ಇನ್ನೊಬ್ಬರು ಉತ್ತರ. ಪದ ಮರೆತುಹೋದರೆ ಗಾಬರಿ ಬೇಡ, ಎದುರಿನವರೇ ಮೆಲ್ಲಗೆ ‘ವೋಈಸ್ತಿನು…’ ಎಂದು ಶುರು ಮಾಡಿಕೊಡುತ್ತಾರೆ.

ಬೇರೆ ಭಾಷೆಯವರು ಮಾಡುವ ತಪ್ಪು ಉಚ್ಚಾರದಲ್ಲಿರುವುದಕ್ಕಿಂತ ಉತ್ತರದಲ್ಲಿರುವುದೇ ಹೆಚ್ಚು. ಬೇರೆ ಹಬ್ಬಗಳಿಗೆ ಹೇಳುವ ‘ಸ್ಪಸೀಬ’ (ಧನ್ಯವಾದ) ಅಥವಾ ‘ಈ ವಾಸ್ ತೋಝೆ’ (ನಿಮಗೂ ಕೂಡ) ಇಲ್ಲಿ ಹೊಂದುವುದಿಲ್ಲ. ಒಂದು ಸುದ್ದಿ ಹೇಳಿದವರಿಗೆ ‘ನಿಮಗೂ’ ಎಂದರೆ ಹೇಗಿರುತ್ತದೆ? ಅವರ ಕರೆಯನ್ನೇ ತಿರುಗಿ ಹೇಳುವುದೂ ಅಷ್ಟೇ. ‘ವೋಈಸ್ತಿನು’ ಎಂಬ ಒಂದೇ ಪದ ನೆನಪಿದ್ದರೂ ಸಾಕು, ಅದನ್ನೇ ಗಟ್ಟಿಯಾಗಿ ಹೇಳಿ.

ನಂಬಿಕೆ ಬೇರೆಯಾಗಿದ್ದರೆ

‘ನಾನು ಕ್ರೈಸ್ತನಲ್ಲ, ಇದನ್ನು ಹೇಳಬಹುದೇ?’ ಎಂಬ ಪ್ರಶ್ನೆ ನ್ಯಾಯವಾದದ್ದು. ಇದು ನಂಬಿಕೆಯ ಮಾತು, ಸಾಕ್ಷಿಯ ಮಾತು. ಮನಸ್ಸಿಗೆ ಒಗ್ಗದಿದ್ದರೆ ಹೇಳಬೇಕಾಗಿಲ್ಲ, ಅದಕ್ಕೆ ಬೇರೆ ದಾರಿ ಇದೆ. ‘ಸ್‌ ಪಾಸ್ಹಯ್ ವಾಸ್!’ ಎಂದರೆ ನಿಮಗೆ ಪಾಸ್ಖಾ ಶುಭಾಶಯ. ‘ಸ್‌ ಪ್ರಾಜ಼್ನಿಕಮ್!’ ಎಂದರೆ ಹಬ್ಬದ ಶುಭಾಶಯ. ಬರೆಯುವಾಗ ಇದರ ನಡುವೆ ಒಂದು ‘ದ’ ಇರುತ್ತದೆ, ಅದನ್ನು ಉಚ್ಚರಿಸುವುದಿಲ್ಲ. ಓರಗೆಯ ಗೆಳೆಯರಿಗೆ ‘ವಾಸ್’ ಬದಲು ‘ತಿಬ್ಯಾ’, ನಮ್ಮ ನಿಮಗೆ–ನಿನಗೆ ಇದ್ದಂತೆ. ಮುಖದಲ್ಲಿ ನಗು ಇಟ್ಟು ‘ಸ್‌ ಪ್ರಾಜ಼್ನಿಕಮ್’ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನೀವಾಗಿಯೇ ಕರೆ ಶುರು ಮಾಡುವಾಗ ಇನ್ನೂ ಸ್ವಲ್ಪ ಎಚ್ಚರ ಬೇಕು. ರಷ್ಯಾದಲ್ಲಿರುವವರೆಲ್ಲ ಆರ್ಥೊಡಾಕ್ಸ್ ಅಲ್ಲ. ಕಜ಼ಾನ್ ತತಾರರ ನಾಡಿನ ರಾಜಧಾನಿ, ಅಲ್ಲಿ ನಿಮ್ಮ ಪ್ರೊಫೆಸರ್ ಮುಸ್ಲಿಮರಾಗಿರಬಹುದು. ನಿಮ್ಮ ಕೋಣೆಯ ಗೆಳೆಯ ಯಾವ ದೇವರನ್ನೂ ನಂಬದವನಿರಬಹುದು. ಚರ್ಚಿಗೆ ಹೋಗುವವರೆಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ ‘ಹ್ರಿಸ್ತೋಸ್ ವೋಸ್ಕ್ರೇಸೆ’. ಗೊತ್ತಿಲ್ಲದವರ ಎದುರು ಅವರು ಕರೆಯುವವರೆಗೆ ಕಾಯಿರಿ.

ಸಂದೇಶ ಬರೆಯುವಾಗ

ಕಾಗದವಾಗಲಿ ಫೋನಿನ ಸಂದೇಶವಾಗಲಿ, ಕರೆಯೇ ಮೊದಲ ಸಾಲು. ಹಬ್ಬದ ದಿನ ಫೋನ್ ಎತ್ತಿದಾಗಲೂ ‘ಹಲೋ’ಗಿಂತ ಮೊದಲು ಅದೇ ಕೇಳಿಬರುವುದುಂಟು. ಫೋನಿಗೆ ರಷ್ಯನ್ ಕೀಬೋರ್ಡ್ ಸೇರಿಸಿಕೊಂಡು ಹೀಗೆ ಬರೆಯಬಹುದು:

```
Христос воскресе!
Дорогая Мария Ивановна,
поздравляю Вас со светлым праздником Пасхи!
```

ಎರಡನೆಯ ಸಾಲು ‘ಪ್ರೀತಿಯ ಮಾರಿಯಾ ಇವಾನೊವ್ನಾ’, ಮೂರನೆಯದು ‘ಬೆಳಕಿನ ಹಬ್ಬ ಪಾಸ್ಖಾದ ಶುಭಾಶಯ ಕೋರುತ್ತೇನೆ’. ಗಂಡಸಿಗೆ ಬರೆಯುವಾಗ ಮೊದಲ ಪದ `Дорогой` ಆಗುತ್ತದೆ. `Вас` ಎಂಬುದರ ಮೊದಲಕ್ಷರ ದೊಡ್ಡದಿರುವುದು ಒಬ್ಬರೇ ಹಿರಿಯರಿಗೆ ಗೌರವದಿಂದ ಬರೆಯುವ ಕ್ರಮ. ಇಂಥ ಸಂದೇಶ ನಿಮಗೇ ಬಂದರೆ ಉತ್ತರವೂ `Воистину воскресе!` ಎಂದೇ ಶುರುವಾಗಲಿ, ಉಳಿದ ಮಾತು ಆಮೇಲೆ.

ಎಷ್ಟು ದಿನ ಹೇಳಬಹುದು?

ಹಬ್ಬದ ಭಾನುವಾರ ಮುಗಿದರೆ ಕರೆ ಮುಗಿಯಿತು ಎಂದುಕೊಳ್ಳುವವರು ಬಹಳ. ಮೊದಲ ಇಡೀ ವಾರ ಒಂದೇ ದೊಡ್ಡ ಹಬ್ಬ. 2026ರಲ್ಲಿ ಅದು ಏಪ್ರಿಲ್ 18ರ ಶನಿವಾರದವರೆಗೆ. ಆ ವಾರದಲ್ಲಿ ದಿನದ ಮೊದಲ ಭೇಟಿಗೆ ನಮಸ್ಕಾರದ ಜಾಗದಲ್ಲೇ ಕರೆ ಬರುತ್ತದೆ. ಆಮೇಲೆ ಚರ್ಚಿನ ಒಡನಾಟವಿಲ್ಲದವರು ಬಿಟ್ಟುಬಿಡುತ್ತಾರೆ, ಒಡನಾಟವಿದ್ದವರು ಮುಂದುವರಿಸುತ್ತಾರೆ.

ಪಾಸ್ಖಾ ಕಳೆದು ಒಂಬತ್ತನೇ ದಿನ ಬರುವ ಹೊತ್ತನ್ನು ಬೇರೆಯಾಗಿ ಹೇಳಬೇಕು. 2026ರಲ್ಲಿ ಏಪ್ರಿಲ್ 21, ಮಂಗಳವಾರ. ಅದಕ್ಕೆ ‘ರಾದನಿತ್ಸ’ ಎಂದು ಹೆಸರು. ಆವತ್ತು ಜನ ಸಮಾಧಿಗಳಿಗೆ ಹೋಗುತ್ತಾರೆ, ಹೋಗಿ ತಮ್ಮವರ ಸಮಾಧಿಯ ಮುಂದೆ ನಿಂತು ‘ಹ್ರಿಸ್ತೋಸ್ ವೋಸ್ಕ್ರೇಸೆ’ ಎಂದು ಸತ್ತವರಿಗೂ ಹೇಳುತ್ತಾರೆ. ಸೂತಕದ ಮನೆಗೆ ಹಬ್ಬವಿಲ್ಲ ಎಂದು ನಂಬಿಕೊಂಡು ಬಂದ ನಮಗೆ ಇದು ತಟ್ಟನೆ ಅರ್ಥವಾಗುವುದಿಲ್ಲ. ಆದರೆ ಪಾಸ್ಖಾದ ಮೊದಲ ವಾರದಲ್ಲಿ ಯಾರಾದರೂ ತೀರಿಕೊಂಡರೆ ಅವರ ಅಂತ್ಯಸಂಸ್ಕಾರದಲ್ಲೂ ಹಬ್ಬದ ಹಾಡುಗಳನ್ನೇ ಹಾಡುತ್ತಾರೆ. ಸಾವು ಸೋತಿದೆ ಎಂಬುದೇ ಈ ಕರೆಯ ತಿರುಳಾದ್ದರಿಂದ, ಅದನ್ನು ಹೇಳಲು ಸಮಾಧಿಗಿಂತ ಸರಿಯಾದ ಜಾಗ ಅವರಿಗೆ ಬೇರೊಂದಿಲ್ಲ. ದುಃಖದಲ್ಲಿರುವವರ ಮನೆಗೆ ಆ ದಿನಗಳಲ್ಲಿ ನೀವು ಹೋದರೆ ಮಾತ್ರ ನೀವಾಗಿ ಕರೆ ಶುರು ಮಾಡಬೇಡಿ. ಅವರು ಹೇಳಿದರೆ ತಗ್ಗಿದ ದನಿಯಲ್ಲಿ ಉತ್ತರ ಕೊಡಿ.

ಸರೋವ್‌ನ ಸಂತ ಸೆರಾಫಿಮ್ ತನ್ನಲ್ಲಿಗೆ ಬಂದವರನ್ನೆಲ್ಲ ವರ್ಷವಿಡೀ ‘ನನ್ನ ಆನಂದವೇ, ಹ್ರಿಸ್ತೋಸ್ ವೋಸ್ಕ್ರೇಸೆ!’ ಎಂದೇ ಬರಮಾಡಿಕೊಳ್ಳುತ್ತಿದ್ದ. ಉಳಿದವರಿಗೆ ಕರೆಯ ಕಾಲ ಪಾಸ್ಖಾದ ದಿನವನ್ನೂ ಸೇರಿಸಿ ಎಣಿಸಿದರೆ 39ನೇ ದಿನಕ್ಕೆ ಮುಗಿಯುತ್ತದೆ. ಅದು ಯಾವಾಗಲೂ ಬುಧವಾರ, 2026ರಲ್ಲಿ ಮೇ 20, 2027ರಲ್ಲಿ ಜೂನ್ 9. ಆ ದಿನದ ಪೂಜೆಯಲ್ಲಿ ಹಬ್ಬದ ರಾತ್ರಿಯ ಹಾಡುಗಳನ್ನು ಮತ್ತೊಮ್ಮೆ ಹಾಡಿ, ಕರೆಯನ್ನು ಕೊನೆಯ ಬಾರಿಗೆ ಕೂಗುತ್ತಾರೆ. ಮಾರನೆಯ ಗುರುವಾರ ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ. ಅಂದಿನಿಂದ ಎದುರು ಸಿಕ್ಕವರಿಗೆ ಎಂದಿನ ‘ಜ಼್‌ದ್ರಾಸ್ತ್ವುಯ್ತೆ’ ಹೇಳಿದರಾಯಿತು, ಆವತ್ತು ಹಬ್ಬಕ್ಕೆ ಹೊರಟವರಿಗೆ ‘ಸ್‌ ಪ್ರಾಜ಼್ನಿಕಮ್’.